ಲಂಗದ ಲಾಡಿ ಮತ್ತು ಕ್ಯಾಲೆಂಡರಿನ 19 ಗೆರೆ

ಹುತ್ತರಿ ಊಟಕ್ಕೆ ಅಣ್ಣನ ಮನೆಗೆ ಹೋಗಿದ್ದೆವು. ಅತ್ತಿಗೆ ಒಂದೇ ಒಂದು ಕಡಂಬುಟ್ಟು ತಿಂದು ತಟ್ಟೆ ಪಕ್ಕಕ್ಕೆ ಸರಿಸಿದರು. "ಹೊಟ್ಟೆ ತುಂಬಿ ಹೋಯ್ತು ಮಾರಾಯ್ತಿ, ಯಾಕೋ ಈಗೀಗ ತಿನ್ನಕ್ಕೇ ಆಗಲ್ಲ" ಅಂದರು. ನಾನು ಓಂಕಾಳಿನ ನೀರು ಕುಡಿಯಿರಿ ಅಂದೆ. ಇಪ್ಪತ್ತು ವರ್ಷ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವಳು ನಾನು. ಆದರೂ ಬಾಯಿಗೆ ಬಂದದ್ದು ಓಂಕಾಳು.

ಅತ್ತಿಗೆಗೆ 52. ಮುಟ್ಟು ನಿಂತು ಮೂರು ವರ್ಷ ಆಗಿತ್ತು. ಸೋಮವಾರಪೇಟೆ ಹತ್ತಿರ ತೋಟ. ಹುತ್ತರಿ ಮುಗಿದ ಕೂಡಲೇ ಕಾಫಿ ಕುಯ್ಲು. ಆ ಮೂರು ತಿಂಗಳು ನಮ್ಮ ಕಡೆ ಹೆಂಗಸರಿಗೆ ಜ್ವರ ಬಂದರೂ ಮಲಗಲು ಪುರುಸೊತ್ತಿಲ್ಲ, ಇನ್ನು ಹೊಟ್ಟೆ ಉಬ್ಬರ ಯಾರ ಲೆಕ್ಕಕ್ಕೆ? ಮೆಡಿಕಲ್ ಶಾಪಿನಿಂದ ಗ್ಯಾಸಿನ ಮಾತ್ರೆ ಬರುತ್ತಿತ್ತು. ಒಂದು ಕ್ಲಿನಿಕ್ಕಿನಲ್ಲಿ ಎರಡು ಸಲ ಯೂರಿನ್ ಇನ್ಫೆಕ್ಷನ್ ಅಂತ ಆಂಟಿಬಯೋಟಿಕ್ ಕೊಟ್ಟರು. ಅವಸರಕ್ಕೆ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು, ನಿಜ. ಆದರೆ ಯೂರಿನ್ ಕಲ್ಚರಿನಲ್ಲಿ ಏನೂ ಬೆಳೆದಿರಲಿಲ್ಲ. ಆ ರಿಪೋರ್ಟನ್ನು ನಾನು ಆಮೇಲೆ ನೋಡಿದ್ದು. ಕೆಳಹೊಟ್ಟೆ ಭಾರ ಅಂದಾಗ ಪಕ್ಕದ ಮನೆಯ ಅಜ್ಜಿ "ಗರ್ಭಕೋಶ ಜಾರಿರಬೇಕು" ಅಂದಿದ್ದರಂತೆ.

ನನಗೆ ಕಣ್ಣು ಬಿಚ್ಚಿಸಿದ್ದು ಲಂಗದ ಲಾಡಿ. ಜನವರಿಯಲ್ಲಿ ಒಂದು ಬೆಳಿಗ್ಗೆ ಅತ್ತಿಗೆ ಸೀರೆ ಉಡುತ್ತಿದ್ದರು. ಲಾಡಿ ಕಟ್ಟುವ ಜಾಗದಲ್ಲಿ ಹಳೆಯ ಕಪ್ಪು ಗುರುತು ಇರುತ್ತದಲ್ವಾ? ಅದಕ್ಕಿಂತ ಕೆಳಗೆ, ಹೊಟ್ಟೆಯ ಅಡಿಯಲ್ಲಿ, ಹೊಸ ಕೆಂಪು ಗೆರೆ ಬಿದ್ದಿತ್ತು. ಕೈ ಕಾಲು ಸಣ್ಣಗಾಗಿವೆ, ಹೊಟ್ಟೆ ಮಾತ್ರ ಮುಂದೆ. ಅದೂ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಗ್ಯಾಸಿನ ಉಬ್ಬರ ಸಾಮಾನ್ಯವಾಗಿ ಏರುತ್ತದೆ, ಇಳಿಯುತ್ತದೆ. ಊಟ ಆದ ಮೇಲೆ ಜಾಸ್ತಿ, ಮಲಗಿ ಎದ್ದರೆ ಕಡಿಮೆ. ಇದು ಇಳಿಯುತ್ತಲೇ ಇರಲಿಲ್ಲ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗೆರೆ ಹಾಕಿ ಅಂದೆ. ಉಬ್ಬರ, ಕೆಳಹೊಟ್ಟೆಯ ನೋವು ಅಥವಾ ಭಾರ, ಬೇಗ ಹೊಟ್ಟೆ ತುಂಬುವುದು, ಮೂತ್ರದ ಅವಸರ. ಈ ನಾಲ್ಕರಲ್ಲಿ ಯಾವುದು ಇದ್ದರೂ ಆ ದಿನಕ್ಕೆ ಒಂದು ಗೆರೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಅಂಡಾಶಯದ ಕ್ಯಾನ್ಸರ್ ಬಗ್ಗೆ ಕೆಲಸ ಮಾಡುವವರು ಇಟ್ಟುಕೊಂಡಿರುವ ಅಳತೆ ಇದು: ಇವು ಈಚೆಗೆ, ಅಂದರೆ ಒಂದು ವರ್ಷದೊಳಗೆ ಶುರುವಾಗಿ, ತಿಂಗಳಿಗೆ 12 ದಿನಕ್ಕಿಂತ ಹೆಚ್ಚು ಬರುತ್ತಿದ್ದರೆ ಪರೀಕ್ಷೆ ಮಾಡಿಸಬೇಕು. ಹತ್ತು ವರ್ಷದಿಂದ ಇರುವ ಗ್ಯಾಸಿನ ಮಾತು ಬೇರೆ. ಅತ್ತಿಗೆಗೆ ಒಂದು ತಿಂಗಳಲ್ಲಿ 19 ಗೆರೆ ಬಿತ್ತು.

ಇಲ್ಲಿ ಮತ್ತೊಂದು ಎಡವಟ್ಟು. ಸ್ಕ್ಯಾನಿಂಗ್ ಆಗಲೇ ಆಗಿದೆ, ಎಲ್ಲ ಸರಿ ಇದೆ ಅಂತ ಅಣ್ಣ ಫೈಲು ತೆಗೆದ. ಒಂದು ಆಸ್ಪತ್ರೆಯಲ್ಲಿ ಡಿಸೆಂಬರಿನಲ್ಲೇ ಮಾಡಿಸಿದ್ದಾರೆ. ಚೀಟಿ ಓದಿದೆ. ಬರೆದಿದ್ದು "ಅಪ್ಪರ್ ಅಬ್ಡೋಮೆನ್". ಲಿವರ್, ಪಿತ್ತಕೋಶ, ಕಿಡ್ನಿ ನೋಡಿದ್ದಾರೆ. ಅಂಡಾಶಯದ ಸುದ್ದಿಯೇ ಇಲ್ಲ! ಹೊಟ್ಟೆ ಉಬ್ಬರ ಅಂದರೆ ಗ್ಯಾಸ್ಟ್ರಿಕ್ಕು, ಗ್ಯಾಸ್ಟ್ರಿಕ್ಕು ಅಂದರೆ ಮೇಲ್ಹೊಟ್ಟೆ, ಅಷ್ಟೇ ಅವರ ಲೆಕ್ಕ. ನನಗೆ ಇಂದಿಗೂ ಸಿಟ್ಟಿರುವುದು ಇದೊಂದರ ಮೇಲೆ. ನಲವತ್ತು ದಾಟಿದ ಹೆಂಗಸಿಗೆ ಉಬ್ಬರಕ್ಕೆ ಸ್ಕ್ಯಾನ್ ಬರೆದರೆ ಚೀಟಿಯಲ್ಲಿ "ಅಬ್ಡೋಮೆನ್ ಅಂಡ್ ಪೆಲ್ವಿಸ್" ಎಂದು ಇರಲೇಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಮಡಿಕೇರಿಯಲ್ಲಿ ಮತ್ತೆ ಮಾಡಿಸಿದೆವು. ಮೊದಲು ನೀರು ಕುಡಿಸಿ ಹೊಟ್ಟೆಯ ಮೇಲಿಂದ, ಆಮೇಲೆ ಮೂತ್ರಕ್ಕೆ ಹೋಗಿ ಬರಲು ಹೇಳಿ ಕೆಳಗಿನಿಂದ. ಈ ಕೆಳಗಿನಿಂದ ಮಾಡುವ ಸ್ಕ್ಯಾನಿಗೆ ನಮ್ಮವರು ನಾಚಿಕೊಂಡು ಬೇಡ ಅಂದುಬಿಡುತ್ತಾರೆ. ಆದರೆ ಅಂಡಾಶಯಕ್ಕೆ ತೀರಾ ಹತ್ತಿರದಿಂದ ನೋಡುವುದು ಅದೇ. ನೋವು ಅಷ್ಟೇನಿಲ್ಲ, ಹತ್ತು ಹದಿನೈದು ನಿಮಿಷದ ಕೆಲಸ. ಬಲಗಡೆ 9 ಸೆಂಟಿಮೀಟರ್ ಗಡ್ಡೆ ಇತ್ತು. ಒಳಗೆ ಹಲವು ಗೂಡು, ಒಂದು ಕಡೆ ಗಟ್ಟಿ ಭಾಗ.

ಜೊತೆಗೆ ಸಿಎ-125 ರಕ್ತ ಪರೀಕ್ಷೆ. 35ಕ್ಕಿಂತ ಕೆಳಗಿದ್ದರೆ ಸಾಮಾನ್ಯ, ಅತ್ತಿಗೆಯದ್ದು 88. ಈ ನಂಬರ್ ಬಗ್ಗೆ ಲ್ಯಾಬಿನವಳಾಗಿ ಎರಡು ಮಾತು ಹೇಳಲೇಬೇಕು. ಇದು ಜಾಸ್ತಿ ಇದ್ದರೆ ಕ್ಯಾನ್ಸರ್ ಅಂತಲ್ಲ. ಮುಟ್ಟಿನ ದಿನಗಳಲ್ಲಿ, ಫೈಬ್ರಾಯ್ಡ್ ಇದ್ದರೆ, ಎಂಡೋಮೆಟ್ರಿಯೋಸಿಸ್ ಇದ್ದರೆ ಏರುತ್ತದೆ. ಹೊಟ್ಟೆಯ ಟಿಬಿಯಲ್ಲಂತೂ ನೂರಾರು ಇರುತ್ತದೆ, ಹೊಟ್ಟೆಯಲ್ಲಿ ನೀರೂ ತುಂಬುತ್ತದೆ, ಕ್ಯಾನ್ಸರೇ ಅಂತ ಮನೆಯವರು ಅತ್ತು ಮುಗಿಸಿರುತ್ತಾರೆ. ಹಾಗೆಯೇ ಕಡಿಮೆ ಇದ್ದರೆ ಇಲ್ಲ ಅಂತಲೂ ಅಲ್ಲ. ಮೊದಲ ಹಂತದಲ್ಲಿರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಇದು ನಾರ್ಮಲ್ ಬರುತ್ತದೆ. ಅದಕ್ಕೇ ನಂಬರ್ ಒಂದನ್ನೇ ನೋಡಬಾರದು, ಸ್ಕ್ಯಾನ್ ಜೊತೆ ಇಟ್ಟು ನೋಡಬೇಕು.

ಡಾಕ್ಟರು ಒಂದು ಸಣ್ಣ ಗುಣಾಕಾರ ಮಾಡಿ ತೋರಿಸಿದರು. ಸ್ಕ್ಯಾನಿನಲ್ಲಿ ಅನುಮಾನದ ಲಕ್ಷಣ ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3. ಅತ್ತಿಗೆಗೆ ಗೂಡುಗಳು ಒಂದು, ಗಟ್ಟಿ ಭಾಗ ಇನ್ನೊಂದು, ಹಾಗಾಗಿ 3. ಮುಟ್ಟು ನಿಂತವರಿಗೆ 3, ನಿಲ್ಲದವರಿಗೆ 1. ಇವೆರಡನ್ನು ಸಿಎ-125 ಜೊತೆ ಗುಣಿಸುವುದು. 3 ಗುಣಿಸು 3 ಗುಣಿಸು 88, ಅಂದರೆ 792. 200 ದಾಟಿದರೆ ಸಾಮಾನ್ಯವಾಗಿ ಕ್ಯಾನ್ಸರ್ ಸರ್ಜನ್ ಹತ್ತಿರ ಕಳಿಸುತ್ತಾರೆ. ನಮ್ಮ ಬೀದಿಯ ಇನ್ನೊಬ್ಬರಿಗೆ 43 ವರ್ಷ, ಸಿಎ-125 70 ಬಂದು ಊಟ ಬಿಟ್ಟಿದ್ದರು. ಮುಟ್ಟು ಇನ್ನೂ ನಿಂತಿಲ್ಲ, ಸ್ಕ್ಯಾನಿನಲ್ಲಿ ಒಂದೇ ಲಕ್ಷಣ. 1 ಗುಣಿಸು 1 ಗುಣಿಸು 70. ಕೊನೆಗೆ ಅದು ಎಂಡೋಮೆಟ್ರಿಯೋಸಿಸ್.

ಅಣ್ಣನಿಗೆ ಒಂದೇ ಹಟ. "ಸೂಜಿ ಹಾಕಿ ನೀರು ತೆಗೆದು ಟೆಸ್ಟ್ ಮಾಡಿಸೋಣ, ಬೆಂಗಳೂರು ಯಾಕೆ?" ಬೇಡ ಅಂದೆ. ಅಂಡಾಶಯದೊಳಗೇ ಇರುವ ಗಡ್ಡೆಗೆ ಸೂಜಿ ಚುಚ್ಚಿದರೆ ಅದರೊಳಗಿನ ಜೀವಕೋಶ ಹೊಟ್ಟೆಗೆ ಸುರಿದು, ಮೊದಲ ಹಂತದ್ದೂ ಮುಂದಕ್ಕೆ ಹೋಗಬಹುದು. ಸಿಟಿ ಸ್ಕ್ಯಾನ್ ಮಾಡಿಸಿ, ಗಡ್ಡೆ ಒಡೆಯದಂತೆ ಇಡಿಯಾಗಿ ತೆಗೆಯುವ ಕಡೆ ಹೋಗಬೇಕು. ಅದಕ್ಕೇ ಬೆಂಗಳೂರು. ಗರ್ಭಕೋಶ, ಎರಡೂ ಅಂಡಾಶಯ, ನಾಳ, ಕರುಳ ಮುಂದಿನ ಕೊಬ್ಬಿನ ಪದರ ಎಲ್ಲ ತೆಗೆದರು. ರಿಪೋರ್ಟಿನಲ್ಲಿ ಕ್ಯಾನ್ಸರ್, ಎರಡನೇ ಹಂತ. ಗರ್ಭಕೋಶದ ಮೇಲೆ ಹರಡಿತ್ತು, ಮೇಲ್ಹೊಟ್ಟೆಗೆ ಹೋಗಿರಲಿಲ್ಲ. ಮೂರು ವಾರಕ್ಕೊಂದರಂತೆ ಆರು ಕೀಮೋ.

ಈ ಕಥೆ ಕೇಳಿದವರೆಲ್ಲ ನನಗೂ ಸಿಎ-125 ಮಾಡಿಸು ಅನ್ನುತ್ತಾರೆ. ಏನೂ ತೊಂದರೆ ಇಲ್ಲದವರು ಸುಮ್ನೆ ವರ್ಷ ವರ್ಷ ಮಾಡಿಸುವುದರಿಂದ ಪ್ರಯೋಜನ ಕಂಡಿಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷ ಹೆಂಗಸರ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು, ಸಾವು ಕಡಿಮೆಯಾಗಲಿಲ್ಲ. ತಾಯಿಗೋ ಅಕ್ಕ ತಂಗಿಗೋ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಮಾತ್ರ ಬಿಆರ್‌ಸಿಎ ಎಂಬ ಜೀನ್ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಹಾಂ, ಪ್ಯಾಪ್ ಸ್ಮಿಯರ್ ನಾರ್ಮಲ್ ಇದೆ ಅಂತ ಸಮಾಧಾನ ಪಡಬೇಡಿ. ಅದು ಗರ್ಭಕೋಶದ ಬಾಯಿಗೆ, ಅಂಡಾಶಯಕ್ಕಲ್ಲ.

ಅತ್ತಿಗೆಯ ಕೂದಲು ಈಗ ಅರ್ಧ ಇಂಚು ಬಂದಿದೆ. ಕಳೆದ ಸಲ ಸಿಎ-125 11. ಮುಂದಿನದು ಹುತ್ತರಿ ಆದ ಮೇಲೆ. ಗೆರೆ ಹಾಕಿದ ಹಳೆಯ ಕ್ಯಾಲೆಂಡರ್ ಇನ್ನೂ ಅದೇ ಮೊಳೆಯಲ್ಲಿದೆ, ಹೊಸದನ್ನು ಅದರ ಮೇಲೇ ತೂಗುಹಾಕಿದ್ದಾರೆ.