ಬಡ್ಡಿ ಮುರಿದುಕೊಂಡ ಸಾಲ: ದರವನ್ನು ಕೈಗೆ ಬಂದ ಹಣದ ಮೇಲೇ ಹೇಳಬೇಕೇ?

ಪರ: ಕೈಗೆ ಬಾರದ ಹಣಕ್ಕೆ ಬಡ್ಡಿ ಎಂಥದ್ದು?

ನಮ್ಮ ಭಾವನವರಿಗೆ ಹಳೆಯ ಹೊಲಿಗೆ ಯಂತ್ರಗಳನ್ನು ಕೊಳ್ಳಲು ಸರಿಯಾಗಿ ಒಂದು ಲಕ್ಷ ಬೇಕಿತ್ತು. ಸಾಲ ಕೊಡುವವರು ವರ್ಷಕ್ಕೆ ನೂರಕ್ಕೆ 12 ಅಂದರು, ಇವರು ಒಪ್ಪಿದರು. ಒಂದು ಲಕ್ಷದ ಪತ್ರಕ್ಕೆ ಸಹಿಯಾಯಿತು. ಆಮೇಲೆ ಅವರು ಇವರೆದುರೇ ನೋಟು ಎಣಿಸಿ, ಅದರಿಂದ 12,000 ತೆಗೆದು ಮೇಜಿನ ಡ್ರಾಯರಿಗೆ ಹಾಕಿಕೊಂಡು, ಉಳಿದದ್ದನ್ನು ಇವರ ಕಡೆ ಸರಿಸಿದರು. 'ಬಡ್ಡಿ ಮುಂಗಡ, ವರ್ಷದ ಕೊನೆಗೆ ಅಸಲು ಮಾತ್ರ ತನ್ನಿ, ನಿಮಗೂ ತಲೆನೋವಿಲ್ಲ' ಅಂದರು. ಭಾವನವರು ಥ್ಯಾಂಕ್ಸ್ ಬೇರೆ ಹೇಳಿ ಬಂದರು.

ಕೈಗೆ ಬಂದದ್ದು 88,000. ವರ್ಷ ಪೂರ್ತಿ ದುಡಿಸಲು ಸಿಕ್ಕಿದ್ದೂ ಅಷ್ಟೇ. ಅದಕ್ಕೆ ತೆತ್ತದ್ದು 12,000. ಹನ್ನೆರಡನ್ನು ಎಂಬತ್ತೆಂಟರಿಂದ ಭಾಗಿಸಿ ನೋಡಿ, ನೂರಕ್ಕೆ 13.64 ಬರುತ್ತದೆ. ಡ್ರಾಯರಿಗೆ ಹೋದ ಹಣವನ್ನು ಇವರು ಮುಟ್ಟಲೂ ಇಲ್ಲ, ಆದರೆ ಅದಕ್ಕೂ ಬಡ್ಡಿ ಕಟ್ಟಿದರು. ಕೈಗೆ ಬಾರದ ಹಣಕ್ಕೆ ಬಡ್ಡಿ ಎಂಥದ್ದು?

ಕಥೆ ಅಲ್ಲಿಗೆ ಮುಗಿಯಲಿಲ್ಲ. ಯಂತ್ರ ಮಾರುವವರಿಗೆ ಪೂರ್ತಿ ಲಕ್ಷ ಬೇಕು, 12,000 ಕಡಿಮೆ ಬಿತ್ತು. ಭಾವನವರು ಮತ್ತೆ ಅಲ್ಲಿಗೇ ಹೋಗಿ ಇನ್ನೊಂದು 12,000 ಸಾಲ ಕೇಳಿದರು. ಅದರಲ್ಲೂ ಬಡ್ಡಿ ಮುರಿದು ಕೊಟ್ಟದ್ದು 10,560. ಇನ್ನೂ 1,440 ಕೊರತೆ! ಮೂರನೆಯ ಸಲ ಹೋಗಲು ನಾಚಿಕೆಯಾಗಿ ಅದನ್ನು ನಮ್ಮ ಅಕ್ಕನ ಡಬ್ಬಿಯಿಂದ ತೆಗೆದರು. (ಅದು ವಾಪಸ್ಸು ಬಂದಿಲ್ಲ ಎಂದು ಅಕ್ಕ ಈಗಲೂ ಹೇಳುತ್ತಾಳೆ.) ಮೊದಲೇ ಕೂತು, ಬೇಕಾದ ಲಕ್ಷವನ್ನು 0.88ರಿಂದ ಭಾಗಿಸಿದ್ದರೆ ಗೊತ್ತಾಗುತ್ತಿತ್ತು: 1,13,636ಕ್ಕೆ ಪತ್ರ ಬರೆಸಿದರೆ ಮಾತ್ರ ಒಂದು ಲಕ್ಷ ಕೈಗೆ ಬರುತ್ತದೆ. ಆ 13,636 ಲಕ್ಷಕ್ಕೆ ಎಷ್ಟು? ಮತ್ತೆ ಅದೇ 13.64. ಲಕ್ಷದ ಮೇಲೆ ಹನ್ನೆರಡು ಪರ್ಸೆಂಟ್ ಸೇರಿಸಿದರೆ ಸಾಕು ಅಂದುಕೊಂಡದ್ದೇ ತಪ್ಪಾಗಿತ್ತು, ಯಾಕೆಂದರೆ ಸೇರಿಸಿದ ಹಣದಲ್ಲೂ ಅವರು ಮುರಿದುಕೊಳ್ಳುತ್ತಾರೆ.

ಇದು ವರ್ಷದ ಕೊನೆಗೆ ಒಂದೇ ಗಂಟಿನಲ್ಲಿ ತೀರಿಸುವ ಸಾಲದ ಲೆಕ್ಕ. ಕಂತಿನ ಸಾಲವಾದರೆ ಹೊಡೆತ ಇನ್ನೂ ಜೋರು. ಅದೇ ಲಕ್ಷ, ಅದೇ 12,000 ಮುಂಗಡ, ಆದರೆ ತಿಂಗಳಿಗೆ 8,333ರಂತೆ ಹನ್ನೆರಡು ಕಂತು ಅನ್ನಿ. ಮೊದಲ ತಿಂಗಳಿಂದಲೇ ನಿಮ್ಮ ಹತ್ತಿರ ಇರುವ ಹಣ ಕರಗುತ್ತಾ ಹೋಗುತ್ತದೆ. ಬಡ್ಡಿಯನ್ನಾದರೆ ಪೂರ್ತಿ ಲಕ್ಷ ವರ್ಷವಿಡೀ ನಿಮ್ಮಲ್ಲೇ ಇತ್ತು ಎಂಬಂತೆ ಹಿಡಿದಾಗಿದೆ. ಇಲ್ಲಿ ಭಾಗಾಕಾರ ಸಾಲದು. ಹನ್ನೆರಡು ಕಂತುಗಳ ಇವತ್ತಿನ ಬೆಲೆ ಸರಿಯಾಗಿ 88,000 ಆಗುವಂಥ ತಿಂಗಳ ದರವನ್ನು ಹುಡುಕಬೇಕು. ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಸಾಕು:

```
=RATE(12,-8333.33,88000)
```

ತಿಂಗಳಿಗೆ ಸುಮಾರು ನೂರಕ್ಕೆ 2.02 ತೋರಿಸುತ್ತದೆ. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ 24 ದಾಟುತ್ತದೆ, ಚಕ್ರಬಡ್ಡಿಯಾಗಿ ನೋಡಿದರೆ 27. ಬಾಯಲ್ಲಿ ಹೇಳಿದ್ದು 12! ಕಂತಿನ ಮುಂದೆ ಮೈನಸ್ ಹಾಕುವುದನ್ನು ಮಾತ್ರ ಮರೆಯಬೇಡಿ, ಹಣ ಬರುವುದೂ ಹೋಗುವುದೂ ಒಂದೇ ಚಿಹ್ನೆಯಲ್ಲಿದ್ದರೆ ಉತ್ತರದ ಬದಲು ದೋಷ ಬರುತ್ತದೆ. ಮೂರನೆಯ ಜಾಗದಲ್ಲಿ 1,00,000 ಹಾಕಿದವರಿಗೆ ದರ ಸೊನ್ನೆ ಬರುತ್ತದೆ. ಬಡ್ಡಿಯೇ ಇಲ್ಲದ ಸಾಲ! ಪತ್ರದ ಮೊತ್ತವನ್ನು ನಂಬಿದರೆ ಆಗುವುದು ಇದೇ.

ದರ ಹೇಳುವವರು ಕೈಗೆ ಕೊಟ್ಟ ಹಣದ ಮೇಲೆ ಹೇಳಲಿ. ಲೆಕ್ಕ ಮಾಡಬೇಕಾದವರು ಅವರು, ನಮ್ಮ ಭಾವನವರಲ್ಲ. 'ಎಲ್ಲ ಪತ್ರದಲ್ಲೇ ಬರೆದಿದೆಯಲ್ಲ' ಅನ್ನುವವರಿಗೆ ನನ್ನದು ಒಂದೇ ಮಾತು: ಕೈಗೆ ಬಾರದ ಹಣಕ್ಕೆ ಬಡ್ಡಿ ಎಂಥದ್ದು?

ವಿರೋಧ: ಪತ್ರದ ಮೊತ್ತ, ಕೈಗೆ ಬಂದ ಹಣ ಎರಡೂ ಎದುರಿಗಿರುವಾಗ ಮೂರನೆಯ ಅಂಕಿ ಏಕೆ?

ಈ ಕಡೆಯಿಂದ ಬರೆಯುವವರು ಯಾರೂ ಸಿಗಲಿಲ್ಲ ಎಂದು ನನ್ನನ್ನು ಕೇಳಿದ್ದಾರೆ. ಒಪ್ಪಿಕೊಂಡದ್ದಕ್ಕೆ ಒಂದಷ್ಟು ಹೇಳುತ್ತೇನೆ.

ಪರ ಬರೆದವರನ್ನು ಓದಿದರೆ ಸಾಲ ಕೊಡುವವರೆಲ್ಲ ಡ್ರಾಯರು ತೆರೆದುಕೊಂಡೇ ಕೂತಿರುತ್ತಾರೆ ಅನಿಸುತ್ತದೆ. ಮುಂಗಡವಾಗಿ ಮುರಿದುಕೊಳ್ಳುವುದು ಹಳೆಯ, ಬಹಿರಂಗ ವ್ಯವಹಾರ. ಇಂಥ ದಿನ ಹಣ ಕೊಡುತ್ತೇವೆ ಎಂದು ವ್ಯಾಪಾರಿಗಳು ಬರೆದುಕೊಟ್ಟ ಹುಂಡಿ, ಬಿಲ್ಲುಗಳನ್ನು ವಾಯಿದೆಗೆ ಮುಂಚೆ ವಟಾಯಿಸುವುದು ಹೀಗೆಯೇ. ಅಮೆರಿಕ ಸರ್ಕಾರ ಚಿಕ್ಕ ವಾಯಿದೆಗೆ ಸಾಲ ಎತ್ತುವ ಪತ್ರಗಳಾದ ಟ್ರೆಶರಿ ಬಿಲ್ಲುಗಳು ಮುಖಬೆಲೆಗಿಂತ ಕಡಿಮೆಗೆ ಮಾರಾಟವಾಗುತ್ತವೆ. ಅವುಗಳ ಡಿಸ್ಕೌಂಟ್ ದರವನ್ನು ಲೆಕ್ಕ ಹಾಕುವುದು ಕೊಟ್ಟ ಹಣದ ಮೇಲಲ್ಲ, ಮುಖಬೆಲೆಯ ಮೇಲೆ, ಅದೂ ವರ್ಷಕ್ಕೆ 360 ದಿನ ಅಂತ ಹಿಡಿದು. ಅದನ್ನು ಯಾರೂ ಮೋಸ ಅನ್ನುವುದಿಲ್ಲ. (ಅದರ ಪಕ್ಕದಲ್ಲೇ ಕೊಟ್ಟ ಹಣದ ಮೇಲಿನ ದರವನ್ನೂ ಪ್ರಕಟಿಸುತ್ತಾರೆ, ನಿಜ. ಅದು ನನ್ನ ವಾದಕ್ಕೆ ಅಷ್ಟೇನೂ ಒದಗುವುದಿಲ್ಲ.) ಕಂತಿನ ಸಾಲ ಬೇರೆಯೇ ಜಾತಿ, ಅದನ್ನು ಇಲ್ಲಿಗೆ ಎಳೆದು ತರಬಾರದಿತ್ತು.

ಚಿಕ್ಕ ವಾಯಿದೆಯ ಸಾಲಕ್ಕೆ ಬಂದರೆ ಈ 'ನಿಜವಾದ ದರ'ವೇ ದಾರಿ ತಪ್ಪಿಸುತ್ತದೆ. ಹತ್ತು ದಿನಕ್ಕೆ 10,000 ಸಾಲ, ಮುಂಗಡ 200. ಕೈಗೆ 9,800. ಹತ್ತು ದಿನಕ್ಕೆ ನೂರಕ್ಕೆ 2.04 ಆಯಿತು. ವರ್ಷಕ್ಕೆ ಹಿಗ್ಗಿಸಿ ಗುಣಿಸಿದರೆ 74, ಚಕ್ರಬಡ್ಡಿಯಾದರೆ 109. ಯಾವುದನ್ನು ಬರೆಯಬೇಕು? ಹತ್ತೇ ದಿನದಲ್ಲಿ ತೀರಿಸಿ ಎದ್ದು ಹೋಗುವವರಿಗೆ ಎರಡೂ ಬೇಡ, 'ಇನ್ನೂರು ಕೊಟ್ಟೆ' ಅನ್ನುವುದು ಸಾಕು.

ನನಗೆ ನಿಜವಾಗಿ ಏಟು ಬಿದ್ದದ್ದು ಬೇರೆ ಕಡೆ. ನಾನೂ ಒಮ್ಮೆ ಹೀಗೆಯೇ ಒಂದು ವರ್ಷಕ್ಕೆ ಲಕ್ಷದ ಪತ್ರ ಬರೆದು 88,000 ತಂದಿದ್ದೆ. 13.64 ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಆರು ತಿಂಗಳಿಗೆ ಕೈಯಲ್ಲಿ ಹಣ ಓಡಾಡಿತು, ತೀರಿಸಿಬಿಡೋಣ ಎಂದು ಪೂರ್ತಿ ಲಕ್ಷ ಒಯ್ದೆ. ಉಳಿದ ಅರ್ಧ ವರ್ಷದ ಬಡ್ಡಿ 6,000 ವಾಪಸ್ಸು ಕೊಡುತ್ತಾರೆ ಅಂದುಕೊಂಡಿದ್ದೆ. ಹಾಗೆ ಕೊಟ್ಟಿದ್ದರೆ 88,000ಕ್ಕೆ ಆರು ತಿಂಗಳಿಗೆ 6,000, ವರ್ಷದ ಲೆಕ್ಕದಲ್ಲಿ ಮತ್ತೆ 13.64ರ ಆಸುಪಾಸೇ ಆಗುತ್ತಿತ್ತು. ಕೊಡಲಿಲ್ಲ. ಅರ್ಧ ವರ್ಷಕ್ಕೆ 12,000 ಹೋಯಿತು, ಅಂದರೆ ವರ್ಷಕ್ಕೆ 27ಕ್ಕೂ ಮೇಲೆ. ಪತ್ರದ ತಲೆಯ ಮೇಲೆ 13.64 ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ನನಗೆ ಆಗುತ್ತಿದ್ದ ಉಪಯೋಗ ಅಷ್ಟರಲ್ಲೇ ಇದೆ. ದರಕ್ಕಾಗಿ ಜಗಳವಾಡುವವರು ಸಹಿ ಹಾಕುವ ಮುಂಚೆ, ಮೊದಲೇ ತೀರಿಸಿದರೆ ಹಿಡಿದ ಬಡ್ಡಿ ಎಷ್ಟು ವಾಪಸ್ಸು ಎಂದು ಒಂದು ಮಾತು ಕೇಳಲಿ.

ನಾನು ಕೇಳಿದ್ದು ತೀರಿಸಿದ ಮೇಲೆ. 'ಬಾಕಿ ಆರು ತಿಂಗಳು ನೀವೇ ಇಟ್ಟುಕೊಳ್ಳಬಹುದಿತ್ತಲ್ಲ ಸಾರ್' ಅಂದರು. ಅದೇನೋ ನಿಜವೇ.