ಮಿತಿ ದಾಟಿದ ಮೇಲೆ ಸುಂಕ ಎಲ್ಲಿಂದ ಎಣಿಸಬೇಕು?

ಜರ್ಮನಿಯಲ್ಲಿ ನೆಲೆಸಿರುವ ನನ್ನಂಥವರು ವಿಮಾನ ನಿಲ್ದಾಣದ ಸುಂಕದ ಕಟ್ಟೆಯನ್ನು ಎರಡೂ ದಿಕ್ಕಿನಿಂದ ನೋಡುತ್ತೇವೆ. ಹೋಗುವಾಗ ಭಾರತದ ನಿಯಮ, ಬರುವಾಗ ಯುರೋಪಿನ ನಿಯಮ. ಎರಡೂ ಕಡೆ ಪ್ರಯಾಣಿಕನಿಗೆ ಇಷ್ಟು ಮೌಲ್ಯದವರೆಗೆ ಸುಂಕವಿಲ್ಲ ಎಂಬ ಮಿತಿ ಇದೆ. ಆ ಮಿತಿ ಎಷ್ಟು ಎಂಬುದನ್ನೇ ಎಲ್ಲರೂ ಕೇಳುತ್ತಾರೆ. ಮಿತಿ ದಾಟಿದಾಗ ಏನಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ವಿಷಯ ಎಂದು ನನ್ನ ಅಭಿಪ್ರಾಯ. ಅಲ್ಲಿ ಎರಡೂ ಕಡೆಯ ಲೆಕ್ಕ ಪೂರ್ತಿ ಬೇರೆ. ಒಂದು ವಿಷಯದಲ್ಲಿ ಭಾರತದ ಪದ್ಧತಿ ನ್ಯಾಯವಾಗಿದೆ, ಇನ್ನೊಂದರಲ್ಲಿ ಯುರೋಪಿನದು.

ಮೊದಲು ಯುರೋಪಿನ ಲೆಕ್ಕ ನೋಡೋಣ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ವಿಮಾನದಲ್ಲಿ ಬರುವ ವಯಸ್ಕರಿಗೆ 430 ಯೂರೋ ಮಿತಿ. ರಸ್ತೆಯಲ್ಲೋ ರೈಲಿನಲ್ಲೋ ಬಂದರೆ 300. ಮದ್ಯ ಮತ್ತು ತಂಬಾಕಿಗೆ ಬೇರೆ ಅಳತೆ, ಅದನ್ನು ಇಲ್ಲಿ ಬಿಡುತ್ತೇನೆ. ಇಲ್ಲಿನ ಮುಖ್ಯ ಷರತ್ತು ಏನೆಂದರೆ, ಒಂದೇ ವಸ್ತುವಿನ ಬೆಲೆಯನ್ನು ಒಡೆದು ಅರ್ಧವನ್ನು ಮಿತಿಯೊಳಗೆ, ಉಳಿದರ್ಧವನ್ನು ಹೊರಗೆ ಇಡುವಂತಿಲ್ಲ. ನೀವು 430 ಯೂರೋಗೆ ಒಂದು ಉಣ್ಣೆಯ ಕೋಟು ತಂದರೆ ಒಂದು ಪೈಸೆ ಕಟ್ಟಬೇಕಿಲ್ಲ. ಅದೇ ಕೋಟಿನ ರಸೀದಿಯಲ್ಲಿ 440 ಎಂದಿದ್ದರೆ, ಹೆಚ್ಚಾದ ಹತ್ತು ಯೂರೋಗಷ್ಟೇ ಅಲ್ಲ, ಪೂರ್ತಿ 440ಕ್ಕೂ ತೆರಿಗೆ ಬೀಳುತ್ತದೆ. ಜರ್ಮನಿಯಲ್ಲಿ ಪ್ರಯಾಣಿಕರಿಗೆ ಸುಂಕ, ತೆರಿಗೆ ಎಲ್ಲ ಸೇರಿಸಿ ಒಟ್ಟಾಗಿ ಹಾಕುವ ಸಗಟು ದರ ಸಾಮಾನ್ಯವಾಗಿ ಶೇ. 17.5. ಆ ದರದಲ್ಲಿ 77 ಯೂರೋ ಆಯಿತು. ಹತ್ತು ಯೂರೋ ಹೆಚ್ಚಿದ್ದಕ್ಕೆ 77 ಯೂರೋ! ಗಂಡ ಹೆಂಡತಿ ಜೊತೆಗೆ ಬಂದಿದ್ದರೂ ಒಂದು ಕೋಟನ್ನು ಇಬ್ಬರ ಪಾಲಿಗೆ ಹಂಚಲಾಗದು.

ಭಾರತದಲ್ಲಿ ಹಾಗಲ್ಲ. 2016ರ ಬ್ಯಾಗೇಜ್ ನಿಯಮಗಳಲ್ಲಿ ಭಾರತದ ನಿವಾಸಿಗೂ ಭಾರತೀಯ ಮೂಲದ ಪ್ರವಾಸಿಗೂ ಸಾಮಾನ್ಯ ಮಿತಿ 50,000 ರೂಪಾಯಿ ಇತ್ತು. 2026ರ ಫೆಬ್ರವರಿಯಲ್ಲಿ ಬಂದ ಹೊಸ ನಿಯಮಗಳು ಅದನ್ನು 75,000ಕ್ಕೆ ಏರಿಸಿವೆ. ಬಳಸಿದ ಬಟ್ಟೆಬರೆ, ದಿನಬಳಕೆಯ ಸಾಮಾನು ಈ ಲೆಕ್ಕಕ್ಕೇ ಬರುವುದಿಲ್ಲ. ಮಿತಿ ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಸುಂಕ. 76,000 ರೂಪಾಯಿಯ ವಸ್ತು ತಂದವರು ಸಾವಿರ ರೂಪಾಯಿಗೆ ಸುಂಕ ಕಟ್ಟುತ್ತಾರೆ, ಅಂದರೆ 385 ರೂಪಾಯಿ. ಇಲ್ಲೂ ಒಬ್ಬರ ಮಿತಿಯನ್ನು ಇನ್ನೊಬ್ಬರ ಮಿತಿಗೆ ಕೂಡಿಸುವಂತಿಲ್ಲ. ಆದರೂ ಮೆಟ್ಟಿಲಿನಿಂದ ಒಮ್ಮೆಲೇ ಬೀಳುವ ಭಯವಿಲ್ಲ. ಈ ವಿಷಯದಲ್ಲಿ ಭಾರತದ್ದೇ ಸರಿ ಎಂದು ಜರ್ಮನಿಯ ಗೆಳೆಯರಿಗೂ ಹೇಳುತ್ತಿರುತ್ತೇನೆ. ಸಣ್ಣ ವ್ಯತ್ಯಾಸಕ್ಕೆ ದೊಡ್ಡ ದಂಡವಿದ್ದರೆ, 440ರ ರಸೀದಿಯನ್ನು ಮುಚ್ಚಿಡುವ ಆಸೆಯನ್ನು ಕಾನೂನೇ ಹುಟ್ಟಿಸಿದಂತೆ.

ಇನ್ನು ದರದ ಮಾತು. ಅದಕ್ಕೆ ಮೊದಲು, ಪ್ರಯಾಣಿಕನಿಗೆ ವ್ಯಾಪಾರಿಗಿಂತ ಬೇರೆ ದರ ಯಾಕೆ ಎಂಬುದನ್ನು ಬಿಡಿಸಿ ಹೇಳಬೇಕು. ವ್ಯಾಪಾರಕ್ಕೆ ಸರಕು ತರಿಸುವವರು ಬಿಲ್ ಆಫ್ ಎಂಟ್ರಿ ಎಂಬ ಆಮದು ಪತ್ರ ಸಲ್ಲಿಸುತ್ತಾರೆ. ಅದರಲ್ಲಿ ಪ್ರತಿ ವಸ್ತುವಿಗೂ ಸುಂಕಪಟ್ಟಿಯ ಎಂಟಂಕಿಯ ಸಂಖ್ಯೆ, ಯಾವ ದೇಶದಲ್ಲಿ ತಯಾರಾಗಿದ್ದು, ಯಾವ ಬೆಲೆಗೆ ಕೊಂಡದ್ದು ಎಲ್ಲ ಇರುತ್ತದೆ. ಸುಂಕ ಆ ಸಂಖ್ಯೆಯ ಮೇಲೆ ನಿಂತಿದೆ. ಕೋಟು ಉಣ್ಣೆಯದೋ ಚರ್ಮದ್ದೋ ಎಂಬುದರಿಂದಲೇ ದರ ಬದಲಾಗುತ್ತದೆ. ಸಾವಿರಾರು ಸಾಲುಗಳ ಈ ಪಟ್ಟಿಯನ್ನು, ಒಂದೇ ವಿಮಾನದಿಂದ ಇಳಿದ ಮುನ್ನೂರು ಜನರ ಪೆಟ್ಟಿಗೆಗಳಿಗೆ ಅನ್ವಯಿಸಲು ಹೊರಟರೆ ಬೆಳಗಾದರೂ ಸಾಲು ಕರಗದು. ಆದ್ದರಿಂದ ಚಿಕ್ಕ ಮೊತ್ತಕ್ಕೆ ಸುಂಕವೇ ಬೇಡ, ಮೇಲಿನದಕ್ಕೆ ಒಂದೇ ದರ ಇರಲಿ ಎಂಬ ಏರ್ಪಾಟು. ವಸೂಲಿಯ ಖರ್ಚು ವಸೂಲಾದ ಹಣವನ್ನೇ ತಿನ್ನಬಾರದು ಎಂಬುದು ಇದರ ಮೂಲ. ಇದನ್ನು ಸರ್ಕಾರ ಪ್ರಯಾಣಿಕನಿಗೆ ಕೊಟ್ಟ ಬಳುವಳಿ ಎಂದು ನೋಡುವುದು ತಪ್ಪು.

ಇನ್ನೊಂದು ಕಾರಣ ತೆರಿಗೆಯ ಸರಪಳಿಯದು. ಭಾರತದಲ್ಲಿ ವ್ಯಾಪಾರಿ ಆಮದಿನ ವೇಳೆ ಕಟ್ಟುವ ಐಜಿಎಸ್‌ಟಿ ಎಂಬ ಸರಕು ಸೇವಾ ತೆರಿಗೆಯನ್ನು ಮುಂದೆ ತನ್ನ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ. ಕೊನೆಗೆ ಆ ತೆರಿಗೆ ಬೀಳುವುದು ಗ್ರಾಹಕನ ಮೇಲೆ. ಪ್ರಯಾಣಿಕನಾದರೋ ತಾನೇ ಗ್ರಾಹಕ. ಅವನ ಮುಂದೆ ಇನ್ನೊಂದು ಮಾರಾಟವಿಲ್ಲ, ಕಳೆದುಕೊಳ್ಳಲು ಏನೂ ಇಲ್ಲ. ಹಾಗಾಗಿ ಬ್ಯಾಗೇಜಿನ ಮೇಲೆ ಐಜಿಎಸ್‌ಟಿ ಹಾಕುವುದಿಲ್ಲ. ಬದಲಿಗೆ ಮೂಲ ಸುಂಕ ಶೇ. 35, ಅದರ ಮೇಲೆ ಹತ್ತನೇ ಒಂದರಷ್ಟು ಸಮಾಜ ಕಲ್ಯಾಣ ಮೇಲ್ತೆರಿಗೆ, ಒಟ್ಟು ಶೇ. 38.5. ಮದ್ಯ, ತಂಬಾಕು, ಚಿನ್ನದಂಥ ಕೆಲವನ್ನು ಬಿಟ್ಟರೆ ವಸ್ತು ಯಾವುದೇ ಇರಲಿ, ಇದೇ ದರ.

ನನ್ನ ತಕರಾರು ಈ ‘ಯಾವುದೇ ಇರಲಿ’ ಎನ್ನುವುದರ ಮೇಲೆ. ಲ್ಯಾಪ್‌ಟಾಪ್ ಉದಾಹರಣೆ ತೆಗೆದುಕೊಳ್ಳೋಣ, ಯಾಕೆಂದರೆ ಊರಿಗೆ ಹೊರಡುವವರಿಗೆ ಹೆಚ್ಚಾಗಿ ಬರುವ ಬೇಡಿಕೆ ಅದೇ. ಹದಿನೆಂಟು ತುಂಬಿದ ಪ್ರಯಾಣಿಕರು ಭಾರತಕ್ಕೆ ಒಂದು ಲ್ಯಾಪ್‌ಟಾಪನ್ನು ಮಿತಿಯ ಹೊರಗೆ, ಸುಂಕವಿಲ್ಲದೆ ತರಬಹುದು. ಅದು ನಿಮ್ಮದು. ತಂಗಿಯ ಮಗನ ಓದಿಗೆಂದು ಎರಡನೆಯದನ್ನು ತಂದಿದ್ದೀರಿ, ಬೆಲೆ 1,50,000 ರೂಪಾಯಿ ಎನ್ನಿ. ಬೇರೇನನ್ನೂ ತಂದಿಲ್ಲವಾದರೆ 75,000 ಕಳೆದು ಉಳಿದ 75,000ಕ್ಕೆ ಶೇ. 38.5, ಅಂದರೆ 28,875 ರೂಪಾಯಿ. ಅದೇ ಯಂತ್ರವನ್ನು ವ್ಯಾಪಾರಿ ತರಿಸಿದರೆ ಮೂಲ ಸುಂಕ ಸೊನ್ನೆ, ಏಕೆಂದರೆ ಮಾಹಿತಿ ತಂತ್ರಜ್ಞಾನದ ಸಾಮಗ್ರಿಗಳ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಲ್ಯಾಪ್‌ಟಾಪ್ ಸೇರಿದೆ. ಅವರು ಕಟ್ಟುವುದು ಶೇ. 18ರ ಐಜಿಎಸ್‌ಟಿ ಮಾತ್ರ, 27,000 ರೂಪಾಯಿ. ಅದನ್ನೂ ಮುಂದೆ ಕಳೆದುಕೊಳ್ಳುತ್ತಾರೆ.

ಬೆಲೆ ಎರಡು ಲಕ್ಷವಾದರೆ ಅಂತರ ಎದ್ದು ಕಾಣುತ್ತದೆ. ಪ್ರಯಾಣಿಕನಿಗೆ 48,125, ವ್ಯಾಪಾರಿಗೆ 36,000. ಸುಮಾರು 1,41,000 ರೂಪಾಯಿಯವರೆಗೆ ಪ್ರಯಾಣಿಕನಿಗೇ ಅನುಕೂಲ, ಅದರಾಚೆ ಅವನು ವ್ಯಾಪಾರಿಗಿಂತ ಹೆಚ್ಚು ಕಟ್ಟುತ್ತಾನೆ. ಮನೆಯ ಮಗುವಿಗೆಂದು ತಂದವನ ಮೇಲೆ ಮಾರಲೆಂದು ತಂದವನಿಗಿಂತ ಹೆಚ್ಚು ತೆರಿಗೆ ಹಾಕಿದರೆ, ಸೌಕರ್ಯಕ್ಕೆಂದು ಮಾಡಿದ ಒಂದೇ ದರ ಅಲ್ಲಿ ತನ್ನ ಉದ್ದೇಶವನ್ನೇ ಮರೆತಿದೆ. ನಮ್ಮ ಮನೆಗಳಲ್ಲಿ ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎನ್ನುತ್ತಾರಲ್ಲ, ಅಧಿಕಾರಿಯ ಕೈಲಿ ನಿಜಕ್ಕೂ ಏನೂ ಇಲ್ಲ. ಲ್ಯಾಪ್‌ಟಾಪಿಗೆ ಮೂಲ ಸುಂಕವಿಲ್ಲ ಎಂಬುದು ಅವರಿಗೆ ಗೊತ್ತು, ಆದರೆ ಬ್ಯಾಗೇಜಿನಲ್ಲಿ ಬಂದದ್ದೆಲ್ಲ ಸುಂಕಪಟ್ಟಿಯ 9803 ಎಂಬ ಒಂದೇ ಶೀರ್ಷಿಕೆಯಡಿ ಬೀಳುತ್ತದೆ.

ಯುರೋಪಿನಲ್ಲಿ ಇದಕ್ಕೆ ಬಾಗಿಲು ಇಟ್ಟಿದ್ದಾರೆ. ಸಗಟು ದರ 700 ಯೂರೋವರೆಗೆ ಮಾತ್ರ. ಅದಕ್ಕಿಂತ ಬೆಲೆಬಾಳುವ ಸಾಮಾನಿಗೆ ವಸ್ತುವಾರು ಸುಂಕ ಹಾಗೂ ತೆರಿಗೆಯೇ ಲೆಕ್ಕ. 1,500 ಯೂರೋ ಲ್ಯಾಪ್‌ಟಾಪಿಗೆ ಇಲ್ಲಿಯೂ ಸುಂಕ ಸೊನ್ನೆ, ಶೇ. 19ರ ಮೌಲ್ಯವರ್ಧಿತ ತೆರಿಗೆ 285 ಯೂರೋ. ವ್ಯಾಪಾರಿಯೂ ಅಷ್ಟೇ ಕಟ್ಟುತ್ತಾನೆ. 700ರೊಳಗಿದ್ದರೂ, ಸಗಟು ದರ ಬೇಡ, ನನ್ನ ವಸ್ತುವಿನ ದರವನ್ನೇ ಹಾಕಿ ಎಂದು ಪ್ರಯಾಣಿಕರು ಕೇಳಬಹುದು. ಬಹಳಷ್ಟು ಸಲ ಕೇಳಬೇಕಾಗಿಯೂ ಇಲ್ಲ. 600 ಯೂರೋ ಉಣ್ಣೆಯ ಕೋಟಿಗೆ ಸಗಟು ದರದಲ್ಲಿ 105 ಯೂರೋ. ವ್ಯಾಪಾರಿಯ ದಾರಿಯಲ್ಲಿ ಶೇ. 12ರ ಸುಂಕ 72, ಕೂಡಿದ ಮೊತ್ತದ ಮೇಲೆ ಶೇ. 19, ಎರಡೂ ಸೇರಿ 199.68. ಅಂದರೆ ಇಲ್ಲಿ ಸಗಟು ದರ ಹೆಚ್ಚಾಗಿ ಪ್ರಯಾಣಿಕನ ಪರ. ಅದು ಮುಳುವಾದಲ್ಲಿ ತಪ್ಪಿಸಿಕೊಳ್ಳುವ ದಾರಿಯೂ ಅವನಿಗಿದೆ.

ಇದೆಲ್ಲ ಸ್ವಂತಕ್ಕೆ ತಂದ ಸಾಮಾನಿನ ಮಾತು. ವ್ಯಾಪಾರ ಎಲ್ಲಿ ಶುರುವಾಗುತ್ತದೆ? ಯುರೋಪಿನ 2007ರ ನಿರ್ದೇಶನ ಅದನ್ನು ಚೆನ್ನಾಗಿ ಹೇಳುತ್ತದೆ: ಆಗೊಮ್ಮೆ ಈಗೊಮ್ಮೆ ತಂದಿರಬೇಕು, ತನಗೆ, ಮನೆಯವರಿಗೆ ಅಥವಾ ಉಡುಗೊರೆಗೆ ಇರಬೇಕು, ವಸ್ತುಗಳ ಬಗೆ ಮತ್ತು ಸಂಖ್ಯೆ ವ್ಯಾಪಾರದ ಗುಮಾನಿ ಹುಟ್ಟಿಸಬಾರದು. ಸಂಖ್ಯೆಯೇ ಹೆಚ್ಚಾಗಿ ಗುಟ್ಟು ಬಿಟ್ಟುಕೊಡುತ್ತದೆ. ಒಂದೇ ಮಾದರಿಯ ಹತ್ತು ಫೋನು, ಸೀಲು ಒಡೆಯದ ಪೆಟ್ಟಿಗೆಗಳಲ್ಲಿದ್ದರೆ ಯಾವ ಸೋದರತ್ತೆಯ ಹೆಸರು ಹೇಳಿಯೂ ಪ್ರಯೋಜನವಿಲ್ಲ. ಹತ್ತರ ಒಟ್ಟು ಬೆಲೆ ಮಿತಿಯೊಳಗಿದ್ದರೂ ಅದು ಬ್ಯಾಗೇಜ್ ಅಲ್ಲ. ಭಾರತದಲ್ಲಿ ಅಂಥ ಸರಕಿಗೆ ವಿನಾಯಿತಿ ಸಿಗದು. ಘೋಷಿಸದೆ ಗ್ರೀನ್ ಚಾನೆಲ್ ದಾಟಿದರೆ 1962ರ ಕಸ್ಟಮ್ಸ್ ಕಾಯ್ದೆಯಡಿ ಮುಟ್ಟುಗೋಲು, ದಂಡ. ಗ್ರೀನ್ ಚಾನೆಲ್ ಹೊಕ್ಕದ್ದೇ ‘ನನ್ನ ಬಳಿ ಸುಂಕದ ಸಾಮಾನು ಇಲ್ಲ’ ಎಂದು ಹೇಳಿದಂತೆ. ಇದು ಎರಡೂ ದೇಶಗಳಲ್ಲಿ ಒಂದೇ.

ಘೋಷಿಸುವವರಿಗೆ ಭಾರತದ ಕಾಯ್ದೆಯ 80ನೇ ಸೆಕ್ಷನ್ ಒಂದು ಅನುಕೂಲ ಕೊಟ್ಟಿದೆ, ಹೆಚ್ಚಿನವರಿಗೆ ಇದರ ಅರಿವಿಲ್ಲ. ಸುಂಕ ದುಬಾರಿ ಎನಿಸಿದರೆ, ವಸ್ತುವನ್ನು ಕಸ್ಟಮ್ಸ್ ಬಳಿ ಬಿಟ್ಟು, ರಸೀದಿ ಪಡೆದು, ವಾಪಸು ಹೊರಡುವಾಗ ತೆಗೆದುಕೊಂಡು ಹೋಗಬಹುದು. ಆದರೆ ನಿಜವಾದ ಘೋಷಣೆ ಮೊದಲೇ ಆಗಿರಬೇಕು. ಪೆಟ್ಟಿಗೆ ತೆರೆಸಿದ ಮೇಲೆ ಈ ದಾರಿ ಮುಚ್ಚಿಹೋಗುತ್ತದೆ.

ಹಾಗಾದರೆ ಬದಲಾಗಬೇಕಾದ್ದೇನು? ಯುರೋಪು ಭಾರತದಂತೆ ಮಿತಿ ಮೀರಿದಷ್ಟಕ್ಕೆ ಮಾತ್ರ ತೆರಿಗೆ ಹಾಕಲಿ. ಭಾರತ, ಸುಂಕದ ಸಾಮಾನು ಘೋಷಿಸುವವರ ರೆಡ್ ಚಾನೆಲ್‌ನಲ್ಲಿ ಒಂದು ಆಯ್ಕೆ ಕೊಡಲಿ: ಮಿತಿ ಕಳೆದು ಶೇ. 38.5, ಇಲ್ಲವೇ ಮಿತಿಯನ್ನು ಬಿಟ್ಟುಕೊಟ್ಟು ಪೂರ್ತಿ ಬೆಲೆಗೆ ಆ ವಸ್ತುವಿನ ಸ್ವಂತ ದರ. ಅಧಿಕಾರಿಗೆ ಕೆಲಸ ಹೆಚ್ಚುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದು ಸರಿಯಾದ ಆಕ್ಷೇಪವೇ. ಹಾಗೆಂದೇ ಈ ಆಯ್ಕೆ ಒಂದು ಲಕ್ಷ ರೂಪಾಯಿ ಮೀರಿದ ಒಂದೇ ವಸ್ತುವಿಗೆ ಮಾತ್ರ, ಪ್ರಯಾಣಿಕರೇ ರಸೀದಿ ಹಾಗೂ ಸುಂಕಪಟ್ಟಿಯ ಸಂಖ್ಯೆ ಬರೆದುಕೊಟ್ಟು ಕೇಳಿದಾಗ ಮಾತ್ರ ಇರಲಿ. ಅಷ್ಟು ದುಬಾರಿ ವಸ್ತು ತರುವವರು ವಿಮಾನ ಹತ್ತುವ ಮುಂಚೆ ಆ ಸಂಖ್ಯೆ ಹುಡುಕಿಟ್ಟುಕೊಳ್ಳಬಲ್ಲರು. ಸಂಖ್ಯೆ ತಪ್ಪಿದ್ದರೆ ಅಧಿಕಾರಿ ಶೇ. 38.5ನ್ನೇ ಹಾಕಲಿ.