ಶಾಲೆಯ ಕ್ರೋಮ್‌ಬುಕ್ ಮತ್ತು ಇನ್‌ಕಾಗ್ನಿಟೋ: ಸತ್ಯಾಂಶ

ಫಾರ್ವರ್ಡ್: "ಅಮೆರಿಕದಲ್ಲಿ ಶಾಲೆ ಕೊಟ್ಟ ಕ್ರೋಮ್‌ಬುಕ್‌ನಲ್ಲಿ ಇನ್‌ಕಾಗ್ನಿಟೋ ತೆರೆದರೆ ಶಾಲೆಗೆ ಏನೂ ಕಾಣಲ್ಲ. ನಾವು ಸಹಿ ಹಾಕಿದ ಬಳಕೆ ನಿಯಮ ಬರೀ ಕಾಗದ."

ಇದು ಸುಳ್ಳು. ಇನ್‌ಕಾಗ್ನಿಟೋ ಮಾಡುವುದು ಇಷ್ಟೇ: ಕಿಟಕಿ ಮುಚ್ಚಿದ ಮೇಲೆ ಆ ಯಂತ್ರದಲ್ಲಿ ಹಿಸ್ಟರಿ, ಕುಕೀ ಉಳಿಸುವುದಿಲ್ಲ. ಸೈಟ್ ತಡೆಯುವ ಶಾಲೆಯ ಫಿಲ್ಟರ್ ಸಾಮಾನ್ಯವಾಗಿ ನೆಟ್‌ವರ್ಕ್‌ನಲ್ಲೂ ಇರುತ್ತದೆ. ಮಗು ಯಾವ ಸೈಟ್ ಕೇಳಿತು ಎಂಬುದು ಅಲ್ಲಿ ದಾಖಲಾಗಬಹುದು. ಅದೂ ಅಲ್ಲದೆ, ಶಾಲೆಯ ಅಡ್ಮಿನ್ ಇನ್‌ಕಾಗ್ನಿಟೋವನ್ನೇ ಬಂದ್ ಮಾಡಬಹುದು. ನೋಡಬೇಕಾ? ವಿಳಾಸದ ಜಾಗದಲ್ಲಿ `chrome://policy` ಟೈಪ್ ಮಾಡಿ. `IncognitoModeAvailability` ಮುಂದೆ 1 ಇದ್ದರೆ ಅದು ಬಂದ್ ಆಗಿದೆ ಎಂದರ್ಥ.

ಮಗು ರಾತ್ರಿ ಮನೆಯ ವೈಫೈಯಲ್ಲಿ ಗೇಮ್ ಸೈಟ್ ತೆರೆಯಿತು ಅನ್ನಿ. ಶಾಲೆಯ ನೆಟ್‌ವರ್ಕ್ ದೂರ ಇದೆ, ಆದರೂ ಬ್ಲಾಕ್ ಆಗಬಹುದು. ಶಾಲೆ ಹಾಕಿದ ಎಕ್ಸ್‌ಟೆನ್ಶನ್ ಎಂಬ ಪುಟ್ಟ ಪ್ರೋಗ್ರಾಂ ಬ್ರೌಸರ್ ಒಳಗೇ ಕೂತಿರುತ್ತದೆ, ಅಲ್ವಾ? ಮನೆಯ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಶಾಲೆಯ ಖಾತೆಯ ಪ್ರೊಫೈಲ್ ಮಾಡಿಕೊಂಡರೂ ಈ ನಿಯಮಗಳು ಜೊತೆಗೆ ಬರಬಹುದು. ಮಗುವಿನ ಸ್ವಂತ ಫೋನ್, ಸ್ವಂತ ಮೊಬೈಲ್ ಡೇಟಾ ಆಗಿ, ಅದರಲ್ಲಿ ಶಾಲೆಯ ಖಾತೆಯೂ ಇಲ್ಲದಿದ್ದರೆ ಶಾಲೆಯ ಫಿಲ್ಟರ್ ಅಲ್ಲಿಗೆ ಮುಟ್ಟುವುದಿಲ್ಲ.

ಸಹಿಯ ಹಿಂದೆ ಕಾನೂನೂ ಇದೆ. ಇಂಟರ್ನೆಟ್‌ನಲ್ಲಿ ಮಕ್ಕಳ ರಕ್ಷಣೆಗೆಂದು ಅಮೆರಿಕ 2000ದಲ್ಲಿ ತಂದ ಸೀಪಾ ಕಾಯ್ದೆಯ ಪ್ರಕಾರ, ಇಂಟರ್ನೆಟ್‌ಗೆ ಇ-ರೇಟ್ ಎಂಬ ಸರ್ಕಾರಿ ಯೋಜನೆಯ ರಿಯಾಯಿತಿ ಪಡೆಯುವ ಶಾಲೆಗಳು ಅಶ್ಲೀಲ ಚಿತ್ರಗಳನ್ನು ತಡೆಯಬೇಕು, ಮಕ್ಕಳ ಆನ್‌ಲೈನ್ ಚಟುವಟಿಕೆಯ ಮೇಲೆ ಕಣ್ಣಿಡಬೇಕು. ಹಾಗಂತ ಪ್ರತಿ ಕ್ಲಿಕ್ ಬರೆದಿಡಿ ಎಂದು ಕಾಯ್ದೆ ಹೇಳುವುದಿಲ್ಲ. ಅಷ್ಟು ದೂರ ಹೋಗುವುದು ಆಯಾ ಶಾಲೆಯ ತೀರ್ಮಾನ. ನನಗನ್ನಿಸುವಂತೆ ಸಹಿ ಹಾಕುವ ಮುಂಚೆ ಕೇಳಬೇಕಾದ್ದು ಅದನ್ನೇ: ಏನನ್ನು ದಾಖಲಿಸುತ್ತೀರಿ, ಎಷ್ಟು ದಿನ ಇಡುತ್ತೀರಿ, ಯಾರು ನೋಡುತ್ತಾರೆ?